ಒಂದೇ ಮಸೂದೆಯ ಬೆನ್ನು ಹಿಡಿದು: ಅಭ್ಯಾಸ ಹಾಳೆಯ ಆರು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪೌರನೀತಿಗೆ ‘ಮಸೂದೆ ಕಾಯ್ದೆಯಾಗುವ ಬಗೆ’ ಎಂಬ ಅಭ್ಯಾಸ ಹಾಳೆ ಕೊಟ್ಟಿದ್ದಾರೆ; ಉತ್ತರಗಳನ್ನು ಪೂರ್ಣ ವಾಕ್ಯಗಳಲ್ಲೇ ಬರೆಯಬೇಕಂತೆ. ಮಸೂದೆ ಎಂದರೇನು, ಮೂರು ವಾಚನಗಳಲ್ಲಿ ಏನು ನಡೆಯುತ್ತದೆ, ಸ್ಥಾಯಿ ಸಮಿತಿಯ ಕೆಲಸವೇನು, ಎರಡು ಸದನಗಳು ಒಪ್ಪದಿದ್ದರೆ ಏನಾಗುತ್ತದೆ, ರಾಷ್ಟ್ರಪತಿಯವರು ಏನು ಮಾಡಬಹುದು, ಕಾಯ್ದೆ ಯಾವಾಗ ಜಾರಿಗೆ ಬರುತ್ತದೆ ಎಂಬ ಆರು ಪ್ರಶ್ನೆಗಳಿವೆ. ಪುಸ್ತಕದ ಚಿತ್ರವನ್ನು ಬಾಯಿಪಾಠ ಮಾಡಿದ್ದಾಳೆ. ಆದರೆ ‘ಯಾಕೆ’ ಎಂದು ಕೇಳಿದರೆ ಅವಳಿಗೂ ತಿಳಿಯದು, ನನಗೂ ತಿಳಿಯದು. ಬಿಡಿಸಿ ಹೇಳುವಿರಾ?

ಉತ್ತರ: ಪುಸ್ತಕದ ಚಿತ್ರದಲ್ಲಿ ಬಾಣದ ಗುರುತುಗಳು ಒಂದು ಚೌಕದಿಂದ ಇನ್ನೊಂದಕ್ಕೆ ಒಂದೇ ಸಮನೆ ಸಾಗುತ್ತವೆ. ನಿಜವಾದ ಮಸೂದೆ ಹಾಗೆ ಸಾಗುವುದಿಲ್ಲ. ಅದು ಒಂದು ಹಂತವನ್ನು ಒಂದೇ ದಿನದಲ್ಲಿ ದಾಟಿಬಿಡಬಹುದು, ಮುಂದಿನ ಹಂತದಲ್ಲಿ ತಿಂಗಳುಗಟ್ಟಲೆ ನಿಂತಿರಬಹುದು. ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ನೋಡುತ್ತ ಹೋದರೆ ನಿಮ್ಮ ‘ಯಾಕೆ’ಗೆ ಉತ್ತರ ತಾನಾಗಿ ಸಿಗುತ್ತದೆ. ಆದ್ದರಿಂದ ಆರು ಪ್ರಶ್ನೆಗಳಿಗೂ ನಾನು ಒಂದೇ ಉದಾಹರಣೆಯನ್ನು ಹಿಡಿಯುತ್ತೇನೆ. ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ. ನಿಮ್ಮ ಮಗಳ ವಯಸ್ಸಿನವರಿಗಾಗಿಯೇ ಮಾಡಿದ ಕಾನೂನು ಇದು. ದಾರಿಯಲ್ಲಿ ಅದಕ್ಕೆ ಎದುರಾದ ಒಂದು ತಿರುವೂ ಕುತೂಹಲದ್ದು.

ಮೊದಲ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಮಸೂದೆಯೆಂದರೆ ಸಂಸತ್ತಿನ ಒಪ್ಪಿಗೆಗಾಗಿ ಮುಂದಿಟ್ಟ ಕಾನೂನಿನ ಕರಡು. ಅದರಲ್ಲಿ ಬರೆದಿರುವ ಯಾವ ಮಾತೂ ಆ ಹೊತ್ತಿಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಮಂತ್ರಿಗಳು ಮಂಡಿಸಿದರೆ ಅದು ಸರ್ಕಾರಿ ಮಸೂದೆ, ಮಂತ್ರಿಯಲ್ಲದ ಯಾವುದೇ ಸದಸ್ಯರು ಮಂಡಿಸಿದರೆ ಖಾಸಗಿ ಸದಸ್ಯರ ಮಸೂದೆ. ಆಳುವ ಪಕ್ಷದವರೇ ಆಗಿದ್ದರೂ ಮಂತ್ರಿಯಲ್ಲದಿದ್ದರೆ ಅವರು ಖಾಸಗಿ ಸದಸ್ಯರೇ ಎಂಬುದನ್ನು ಮಕ್ಕಳು ಸಾಮಾನ್ಯವಾಗಿ ಮರೆಯುತ್ತಾರೆ. ನಮ್ಮ ಉದಾಹರಣೆ ಸರ್ಕಾರಿ ಮಸೂದೆ. ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಅದರ ಕರಡನ್ನು ಸಿದ್ಧಪಡಿಸಿತ್ತು. ಹಾಳೆಯಲ್ಲಿ ಹೀಗೆ ಬರೆಯಬಹುದು: “ಮಸೂದೆಯು ಸಂಸತ್ತಿನ ಒಪ್ಪಿಗೆಗಾಗಿ ಮಂಡಿಸಲಾದ ಕಾನೂನಿನ ಕರಡಾಗಿದೆ, ಎರಡೂ ಸದನಗಳು ಅಂಗೀಕರಿಸಿ ರಾಷ್ಟ್ರಪತಿಯವರು ಅಂಕಿತ ಹಾಕಿದ ಮೇಲೆ ಅದು ಕಾಯ್ದೆಯಾಗುತ್ತದೆ.”

ಎರಡನೆಯ ಪ್ರಶ್ನೆಗೆ ಬರುವ ಮುನ್ನ ಹಾಳೆ ಕೇಳದ ಒಂದು ಮಾತನ್ನು ಹೇಳಬೇಕು. ಮಸೂದೆಯನ್ನು ಯಾವ ಸದನದಲ್ಲಿ ಮೊದಲು ಮಂಡಿಸಬೇಕು? ಲೋಕಸಭೆಯಲ್ಲಿ ಎಂದು ಬರೆದ ಉತ್ತರಗಳನ್ನು ನಾನು ಬಹಳ ನೋಡಿದ್ದೇನೆ. ಹಣಕಾಸು ಮಸೂದೆಯ ಮಟ್ಟಿಗೆ, ಅಂದರೆ ತೆರಿಗೆ, ಸರ್ಕಾರದ ಸಾಲ, ಸರ್ಕಾರದ ಖಜಾನೆಯಿಂದ ಮಾಡುವ ವೆಚ್ಚ ಇಂಥವುಗಳಿಗಷ್ಟೇ ಸಂಬಂಧಿಸಿದ ಮಸೂದೆಯ ಮಟ್ಟಿಗೆ, ಆ ಉತ್ತರ ಸರಿ. ಸಾಮಾನ್ಯ ಮಸೂದೆಯನ್ನು ಎರಡರಲ್ಲಿ ಯಾವ ಸದನದಲ್ಲಾದರೂ ಮೊದಲು ಮಂಡಿಸಬಹುದು. ಶಿಕ್ಷಣ ಹಕ್ಕಿನ ಮಸೂದೆಯನ್ನು 2008ರ ಡಿಸೆಂಬರ್ 15ರಂದು ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ಈ ಒಂದು ಸಂಗತಿ ಐದು ತಿಂಗಳ ನಂತರ ಆ ಮಸೂದೆಯ ಹಣೆಬರಹವನ್ನೇ ನಿರ್ಧರಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮಂಡಿಸುವುದೇ ಮೊದಲ ವಾಚನ. ವಾಚನವೆಂದ ಮಾತ್ರಕ್ಕೆ ಮಸೂದೆಯನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಮಸೂದೆಯನ್ನು ಮಂಡಿಸಲು ಅನುಮತಿ ಬೇಕೆಂದು ಮಂತ್ರಿಗಳು ಸದನವನ್ನು ಕೇಳುತ್ತಾರೆ, ಸದನವು ಸಾಮಾನ್ಯವಾಗಿ ಧ್ವನಿಮತದಿಂದ ಒಪ್ಪುತ್ತದೆ, ಮಸೂದೆಯು ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಈ ಹಂತದಲ್ಲಿ ವಿವರವಾದ ಚರ್ಚೆ ಇಲ್ಲ. ಅದರ ಕಾರಣವೂ ಸರಳ: ಸದಸ್ಯರು ಓದದ ಮಸೂದೆಯ ಮೇಲೆ ಏನನ್ನು ಚರ್ಚಿಸುವುದು? ಪ್ರಕಟಣೆಯಾದ ಮೇಲೆ ಸದಸ್ಯರೂ ಜನರೂ ಅದನ್ನು ಓದಬಹುದು.

ನಿಜವಾದ ಕೆಲಸ ನಡೆಯುವುದು ಎರಡನೆಯ ವಾಚನದಲ್ಲಿ. ಅದಕ್ಕೆ ಎರಡು ಭಾಗಗಳಿವೆ. ಮೊದಲು ಮಸೂದೆಯ ಒಟ್ಟು ಉದ್ದೇಶದ ಮೇಲೆ ಚರ್ಚೆ ನಡೆಯುತ್ತದೆ. ಇಂಥ ಕಾನೂನು ಬೇಕೇ ಬೇಡವೇ ಎಂಬುದು ಅಲ್ಲಿನ ವಿಷಯ. ಆಮೇಲೆ ಮಸೂದೆಯ ಒಂದೊಂದೇ ಖಂಡವನ್ನು ಎತ್ತಿಕೊಂಡು, ಅದಕ್ಕೆ ಸದಸ್ಯರು ಸೂಚಿಸಿದ ತಿದ್ದುಪಡಿಗಳನ್ನು ಮತಕ್ಕೆ ಹಾಕಿ, ಆ ಖಂಡ ಮಸೂದೆಯ ಭಾಗವಾಗಿ ನಿಲ್ಲಬೇಕೇ ಎಂದು ಸದನವನ್ನು ಕೇಳಲಾಗುತ್ತದೆ. ಇಲ್ಲೊಂದು ಸಣ್ಣ ವಿಚಿತ್ರವಿದೆ. ಹೆಸರು ಹೇಳುವ ಒಂದನೆಯ ಖಂಡವನ್ನು ಎಲ್ಲಕ್ಕಿಂತ ಮೊದಲು ತೆಗೆದುಕೊಳ್ಳುವುದಿಲ್ಲ, ಉಳಿದ ಖಂಡಗಳೆಲ್ಲ ಮುಗಿದ ಮೇಲೆ ತೆಗೆದುಕೊಳ್ಳುತ್ತಾರೆ. ಒಳಗೆ ಏನು ಉಳಿಯಿತು ಎಂಬುದು ಖಚಿತವಾದ ಮೇಲಲ್ಲವೇ ಹೆಸರಿನ ಮಾತು? ನಮ್ಮ ಮಸೂದೆ ಮಂಡನೆಯಾದಾಗ ಅದರ ಹೆಸರಿನಲ್ಲಿ 2008 ಎಂದಿತ್ತು, ಕಾಯ್ದೆಯ ಹೆಸರಿನಲ್ಲಿರುವುದು 2009. ವರ್ಷ ದಾಟಿದ್ದರಿಂದ ಅಷ್ಟು ಮಾತ್ರದ ತಿದ್ದುಪಡಿಯನ್ನೂ ಸದನವೇ ಒಪ್ಪಬೇಕಾಗುತ್ತದೆ. ಮಸೂದೆಯೊಳಗಿನ ಒಂದು ಅಂಕಿಯನ್ನಾದರೂ ಕಚೇರಿಯಲ್ಲಿ ಕೂತು ತಮಗೆ ತೋಚಿದಂತೆ ಬದಲಿಸಲು ಯಾರಿಗೂ ಅಧಿಕಾರವಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಚಿಕ್ಕ ಉದಾಹರಣೆ ಸಿಗಲಾರದು.

ಮೂರನೆಯ ವಾಚನ ಚಿಕ್ಕದು. ಮಸೂದೆಯನ್ನು ಅಂಗೀಕರಿಸಬೇಕೆಂಬ ಸೂಚನೆಯ ಮೇಲೆ ಪರವಾಗಿಯೋ ವಿರೋಧವಾಗಿಯೋ ಮಾತನಾಡಬಹುದಷ್ಟೇ. ಖಂಡಗಳ ವಿವರಗಳಿಗೆ ಮತ್ತೆ ಕೈಹಾಕುವಂತಿಲ್ಲ. ಆಮೇಲೆ ಮತ. ಈ ಮತವನ್ನು ಎಣಿಸುವ ಬಗೆಯಲ್ಲಿ ತಪ್ಪು ಬಹಳ. ಲೋಕಸಭೆಯ 543 ಸ್ಥಾನಗಳ ಅರ್ಧಕ್ಕಿಂತ ಹೆಚ್ಚೆಂದರೆ 272, ಆದ್ದರಿಂದ ಪ್ರತಿ ಮಸೂದೆಗೂ 272 ಮತ ಬೇಕು ಎಂದು ಮಕ್ಕಳು ಬರೆಯುತ್ತಾರೆ. ಸಾಮಾನ್ಯ ಮಸೂದೆಗೆ ಬೇಕಿರುವುದು ಹಾಜರಿದ್ದು ಮತ ಹಾಕಿದವರ ಬಹುಮತ. ಒಂದು ದಿನ ಸದನದಲ್ಲಿ 300 ಸದಸ್ಯರಿದ್ದು, ಅವರಲ್ಲಿ 20 ಮಂದಿ ಮತ ಹಾಕದೆ ಸುಮ್ಮನೆ ಕುಳಿತರೆಂದು ಇಟ್ಟುಕೊಳ್ಳಿ. ಚಲಾವಣೆಯಾದ ಮತಗಳು 280. ಮಸೂದೆ ಗೆಲ್ಲಲು 141 ಸಾಕು. ಸದನ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗದಷ್ಟು ಮಂದಿಯಾದರೂ ಹಾಜರಿರಬೇಕು ಎಂಬ ನಿಯಮ ಬೇರೆಯೇ ಇದೆ. ಸಂವಿಧಾನ ತಿದ್ದುಪಡಿ ಮಸೂದೆಯಾದರೆ ಮಾತ್ರ ಒಟ್ಟು ಸದಸ್ಯಬಲದ ಬಹುಮತವೂ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೆಯ ಎರಡು ಭಾಗವೂ ಬೇಕು.

ಎರಡನೆಯ ಪ್ರಶ್ನೆಗೆ ಹಾಳೆಯಲ್ಲಿ ಬರೆಯಬಹುದಾದ ಉತ್ತರ ಇದು: “ಮೊದಲ ವಾಚನದಲ್ಲಿ ಮಸೂದೆಯನ್ನು ಸದನದ ಅನುಮತಿ ಪಡೆದು ಮಂಡಿಸಲಾಗುತ್ತದೆ. ಎರಡನೆಯ ವಾಚನದಲ್ಲಿ ಮಸೂದೆಯ ಉದ್ದೇಶವನ್ನು ಚರ್ಚಿಸಿ, ಅನಂತರ ಪ್ರತಿಯೊಂದು ಖಂಡವನ್ನೂ ಅದರ ತಿದ್ದುಪಡಿಗಳೊಡನೆ ಮತಕ್ಕೆ ಹಾಕಲಾಗುತ್ತದೆ. ಮೂರನೆಯ ವಾಚನದಲ್ಲಿ ಇಡೀ ಮಸೂದೆಯನ್ನು ಅಂಗೀಕರಿಸಬೇಕೇ ಬೇಡವೇ ಎಂದು ಸದನವು ಮತ ಹಾಕುತ್ತದೆ, ಮತ್ತು ಇದೇ ಕ್ರಮವು ಎರಡನೆಯ ಸದನದಲ್ಲಿಯೂ ನಡೆಯುತ್ತದೆ.” ಕೊನೆಯ ಮಾತನ್ನು ಬಿಡಬೇಡಿ, ಎರಡನೆಯ ಸದನ ಬರಿಯ ಮೊಹರು ಒತ್ತುವ ಜಾಗ ಎಂಬ ಭಾವನೆ ಅದಿಲ್ಲದಿದ್ದರೆ ಹುಟ್ಟುತ್ತದೆ.

ಮೂರನೆಯ ಪ್ರಶ್ನೆ ಸ್ಥಾಯಿ ಸಮಿತಿಯದು. ಮೊದಲ ವಾಚನಕ್ಕೂ ಎರಡನೆಯದಕ್ಕೂ ನಡುವೆ ಮಸೂದೆಯನ್ನು ಆ ಇಲಾಖೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಗೆ ಒಪ್ಪಿಸಬಹುದು. ಇಂಥ ಸಮಿತಿಗಳು 24 ಇವೆ. ಒಂದೊಂದರಲ್ಲೂ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳು ಇದರ ಸದಸ್ಯರಾಗುವಂತಿಲ್ಲ, ಏಕೆಂದರೆ ಪರಿಶೀಲನೆಗೆ ಬಂದಿರುವುದು ಅವರದೇ ಕೆಲಸ. ಸಮಿತಿಯು ಇಲಾಖೆಯ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸುತ್ತದೆ, ತಜ್ಞರ ಮಾತು ಕೇಳುತ್ತದೆ, ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯಗಳನ್ನು ತರಿಸಿಕೊಳ್ಳಬಹುದು. ಸದನದಲ್ಲಿ ಒಬ್ಬ ಸದಸ್ಯರಿಗೆ ಸಿಗುವುದು ಕೆಲವೇ ನಿಮಿಷಗಳು. ಇಲ್ಲಿ ಒಂದೇ ಖಂಡದ ಮೇಲೆ ಗಂಟೆಗಟ್ಟಲೆ ಕೂರಬಹುದು. ಶಿಕ್ಷಣ ಹಕ್ಕಿನ ಮಸೂದೆಯೂ ಹೀಗೆ ಸಮಿತಿಗೆ ಹೋಯಿತು, ಸಮಿತಿಯ ವರದಿ 2009ರ ಫೆಬ್ರುವರಿಯಲ್ಲಿ ಬಂತು.

ಇಲ್ಲಿ ಎರಡು ಮಿತಿಗಳನ್ನು ಮರೆಯಬಾರದು. ಪ್ರತಿ ಮಸೂದೆಯೂ ಸಮಿತಿಗೆ ಹೋಗಲೇಬೇಕೆಂಬ ನಿಯಮವಿಲ್ಲ. ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದೂ ಇಲ್ಲ. ಪುಸ್ತಕದ ಚಿತ್ರದಲ್ಲಿ ಸಮಿತಿಯೂ ಸದನದಷ್ಟೇ ದೊಡ್ಡ ಚೌಕವಾಗಿರುವುದರಿಂದ, ಸಮಿತಿಯು ಮಸೂದೆಯನ್ನು ಅಂಗೀಕರಿಸುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಅದು ಸಲಹೆ ಕೊಡುತ್ತದೆ, ಅಷ್ಟೆ. ಉತ್ತರ ಹೀಗಿರಲಿ: “ಸ್ಥಾಯಿ ಸಮಿತಿಯು ತನಗೆ ಒಪ್ಪಿಸಲಾದ ಮಸೂದೆಯನ್ನು ವಿವರವಾಗಿ ಪರಿಶೀಲಿಸಿ, ಅಧಿಕಾರಿಗಳ ಮತ್ತು ತಜ್ಞರ ಅಭಿಪ್ರಾಯ ಕೇಳಿ ಸಂಸತ್ತಿಗೆ ವರದಿ ಸಲ್ಲಿಸುತ್ತದೆ, ಆ ವರದಿಯು ಸಲಹೆಯ ರೂಪದಲ್ಲಿರುತ್ತದೆಯೇ ಹೊರತು ಸದನವನ್ನು ಕಟ್ಟಿಹಾಕುವುದಿಲ್ಲ.”

ಆ ವರದಿ ಬಂದ ಮೇಲೆಯೇ ಮೊದಲು ಹೇಳಿದ ತಿರುವು ಎದುರಾದದ್ದು. 2009ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಲೋಕಸಭೆಗೆ ಚುನಾವಣೆ ನಡೆಯಿತು, ಮೇ ತಿಂಗಳಲ್ಲಿ ಹದಿನಾಲ್ಕನೆಯ ಲೋಕಸಭೆ ವಿಸರ್ಜನೆಯಾಯಿತು. ಅಷ್ಟು ಹೊತ್ತಿಗೆ ಮಸೂದೆ ಯಾವ ಸದನದ ಅಂಗೀಕಾರವನ್ನೂ ಪಡೆದಿರಲಿಲ್ಲ. ಹಾಗಾದರೆ ಅದೂ ಹೋಯಿತೇ? ಸಂವಿಧಾನದ 107ನೆಯ ವಿಧಿ ಇದಕ್ಕೆ ಉತ್ತರ ಕೊಡುತ್ತದೆ. ಲೋಕಸಭೆಯಲ್ಲಿ ಬಾಕಿ ಇರುವ ಮಸೂದೆ ಅದು ವಿಸರ್ಜನೆಯಾದೊಡನೆ ಬಿದ್ದುಹೋಗುತ್ತದೆ. ಲೋಕಸಭೆ ಅಂಗೀಕರಿಸಿ ರಾಜ್ಯಸಭೆಯಲ್ಲಿ ಬಾಕಿ ಇರುವುದೂ ಬಿದ್ದುಹೋಗುತ್ತದೆ. ಆದರೆ ರಾಜ್ಯಸಭೆಯಲ್ಲಿ ಬಾಕಿ ಇದ್ದು, ಲೋಕಸಭೆ ಇನ್ನೂ ಅಂಗೀಕರಿಸಿರದ ಮಸೂದೆ ಉಳಿದುಕೊಳ್ಳುತ್ತದೆ. ಕಾರಣವಿಷ್ಟೇ: ರಾಜ್ಯಸಭೆ ವಿಸರ್ಜನೆಯಾಗದ ಸದನ. ಅದರ ಸದಸ್ಯರಲ್ಲಿ ಸುಮಾರು ಮೂರನೆಯ ಒಂದು ಭಾಗ ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ, ಸದನ ಮಾತ್ರ ಮುಂದುವರಿಯುತ್ತದೆ; ಆದ್ದರಿಂದ ಅದರ ಮುಂದಿರುವ ಕೆಲಸವೂ ಮುಂದುವರಿಯುತ್ತದೆ. ನಮ್ಮ ಮಸೂದೆ ಹೀಗೆ ಚುನಾವಣೆಯನ್ನು ದಾಟಿ ಉಳಿಯಿತು. ಹೊಸ ಸರ್ಕಾರದಲ್ಲಿ ಕಪಿಲ್ ಸಿಬಲ್ ಅವರು ಆ ಖಾತೆಯ ಮಂತ್ರಿಯಾಗಿದ್ದಾಗ, 2009ರ ಜುಲೈ 20ರಂದು ರಾಜ್ಯಸಭೆಯೂ ಆಗಸ್ಟ್ 4ರಂದು ಹದಿನೈದನೆಯ ಲೋಕಸಭೆಯೂ ಅದನ್ನು ಅಂಗೀಕರಿಸಿದವು. ಅದೇ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಗಿದ್ದರೆ ಮತ್ತೆ ಮೊದಲ ವಾಚನದಿಂದಲೇ ಆರಂಭಿಸಬೇಕಾಗುತ್ತಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಮಹಿಳೆಯರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡುವ ಮಸೂದೆಯೂ 2008ರಲ್ಲಿ ರಾಜ್ಯಸಭೆಯಲ್ಲೇ ಮಂಡನೆಯಾಗಿತ್ತು. 2010ರ ಮಾರ್ಚ್ 9ರಂದು ರಾಜ್ಯಸಭೆ ಅದನ್ನು ಅಂಗೀಕರಿಸಿ ಲೋಕಸಭೆಗೆ ಕಳಿಸಿತು. ಅಲ್ಲಿ ಅದು ಅಂಗೀಕಾರವಾಗದೆ ಉಳಿದು, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಒಂದು ಸದನದ ಒಪ್ಪಿಗೆ ಸಿಕ್ಕಿದ್ದ ಮಸೂದೆ ಸತ್ತಿತು, ಯಾವ ಸದನದ ಒಪ್ಪಿಗೆಯೂ ಸಿಗದಿದ್ದ ಮಸೂದೆ ಬದುಕಿತು. ವಿಸರ್ಜನೆಯ ದಿನ ಮಸೂದೆ ಯಾವ ಸದನದ ಮುಂದಿತ್ತು ಎಂಬುದೇ ಇವೆರಡರ ನಡುವಿನ ವ್ಯತ್ಯಾಸ. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಮಹಿಳಾ ಮೀಸಲಾತಿಯನ್ನು ಅಂಗೀಕರಿಸಿದ್ದು ಹೊಸದಾಗಿ ಮಂಡಿಸಿದ ಮಸೂದೆಯ ಮೂಲಕ. ನಿಮ್ಮ ಮಗಳ ಹಾಳೆ ಇದನ್ನು ಕೇಳಿಲ್ಲವಾದರೂ, ಎರಡು ಸದನಗಳೇಕೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಮಸೂದೆಗಳಿಂದಲೇ ಮಾತು ಆರಂಭಿಸುತ್ತೇನೆ.

ನಾಲ್ಕನೆಯ ಪ್ರಶ್ನೆ ಸದನಗಳ ನಡುವಿನ ಭಿನ್ನಾಭಿಪ್ರಾಯದ್ದು. ಒಂದು ಸದನ ಅಂಗೀಕರಿಸಿದ ಸಾಮಾನ್ಯ ಮಸೂದೆಯನ್ನು ಇನ್ನೊಂದು ತಿರಸ್ಕರಿಸಿದರೆ, ಅಥವಾ ತಿದ್ದುಪಡಿಗಳ ಬಗ್ಗೆ ಎರಡೂ ಕೊನೆಗೂ ಒಪ್ಪದಿದ್ದರೆ, ಅಥವಾ ಎರಡನೆಯ ಸದನ ಆರು ತಿಂಗಳಿಗೂ ಹೆಚ್ಚು ಕಾಲ ಅಂಗೀಕರಿಸದೆ ಇಟ್ಟುಕೊಂಡರೆ, 108ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಯವರು ಎರಡೂ ಸದನಗಳ ಜಂಟಿ ಅಧಿವೇಶನವನ್ನು ಕರೆಯಬಹುದು. ಅದನ್ನು ಲೋಕಸಭೆಯ ಸ್ಪೀಕರ್ ನಡೆಸಿಕೊಡುತ್ತಾರೆ, ಹಾಜರಿದ್ದು ಮತ ಹಾಕಿದವರ ಬಹುಮತದಿಂದ ತೀರ್ಮಾನವಾಗುತ್ತದೆ. ಲೋಕಸಭೆಯ ಸಂಖ್ಯೆ ರಾಜ್ಯಸಭೆಯ ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚಿರುವುದರಿಂದ ಅಲ್ಲಿ ಯಾರ ಕೈ ಮೇಲಾಗುವ ಸಂಭವ ಹೆಚ್ಚೆಂದು ಊಹಿಸುವುದು ಕಷ್ಟವಲ್ಲ. ಹಣಕಾಸು ಮಸೂದೆಗೆ ಜಂಟಿ ಅಧಿವೇಶನ ಬೇಕಾಗುವುದೇ ಇಲ್ಲ, ಏಕೆಂದರೆ ರಾಜ್ಯಸಭೆ ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು, ಅದರ ಶಿಫಾರಸನ್ನು ಒಪ್ಪುವುದು ಬಿಡುವುದು ಲೋಕಸಭೆಗೆ ಸೇರಿದ್ದು. ಸಂವಿಧಾನ ತಿದ್ದುಪಡಿ ಮಸೂದೆಗೆ ಜಂಟಿ ಅಧಿವೇಶನ ಕರೆಯುವಂತಿಲ್ಲ. ಅದನ್ನು ಎರಡೂ ಸದನಗಳು ಬೇರೆಬೇರೆಯಾಗಿಯೇ ಅಂಗೀಕರಿಸಬೇಕು. ಮಸೂದೆಯೊಂದಕ್ಕಾಗಿ ಜಂಟಿ ಅಧಿವೇಶನ ಸೇರಿದ್ದು ಅಪರೂಪ: 1961ರಲ್ಲಿ ವರದಕ್ಷಿಣೆ ನಿಷೇಧ ಮಸೂದೆಗೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗವನ್ನು ರದ್ದುಪಡಿಸುವ ಮಸೂದೆಗೆ, 2002ರಲ್ಲಿ ಭಯೋತ್ಪಾದನೆ ತಡೆ ಮಸೂದೆಗೆ. ಹಾಳೆಗೆ ಇಷ್ಟು ಸಾಕು: “ಸಾಮಾನ್ಯ ಮಸೂದೆಯ ಬಗ್ಗೆ ಎರಡು ಸದನಗಳು ಒಪ್ಪದಿದ್ದರೆ ರಾಷ್ಟ್ರಪತಿಯವರು ಜಂಟಿ ಅಧಿವೇಶನವನ್ನು ಕರೆಯಬಹುದು, ಅಲ್ಲಿ ಎರಡೂ ಸದನಗಳ ಸದಸ್ಯರು ಒಟ್ಟಾಗಿ ಮತ ಹಾಕಿ ಬಹುಮತದಿಂದ ತೀರ್ಮಾನಿಸುತ್ತಾರೆ.” ‘ಕರೆಯುತ್ತಾರೆ’ ಎಂದು ಬರೆಯಬಾರದು, ‘ಕರೆಯಬಹುದು’ ಎಂದೇ ಬರೆಯಬೇಕು. ಸರ್ಕಾರಕ್ಕೆ ಆಸಕ್ತಿ ಇಲ್ಲದಿದ್ದರೆ ಮಸೂದೆ ಅಲ್ಲಿಗೇ ನಿಂತುಹೋಗುವುದೂ ಉಂಟು.

ಇನ್ನು ರಾಷ್ಟ್ರಪತಿಯವರು. ಶಿಕ್ಷಣ ಹಕ್ಕಿನ ಮಸೂದೆಗೆ 2009ರ ಆಗಸ್ಟ್ 26ರಂದು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರ ಅಂಕಿತ ಬಿತ್ತು. ಸಾಮಾನ್ಯವಾಗಿ ನಡೆಯುವುದು ಹೀಗೆಯೇ. ಆದರೆ 111ನೆಯ ವಿಧಿ ಬೇರೆ ದಾರಿಗಳನ್ನೂ ತೆರೆದಿಟ್ಟಿದೆ: ಅವರು ಅಂಕಿತವನ್ನು ತಡೆಹಿಡಿಯಬಹುದು, ಅಥವಾ ಹಣಕಾಸು ಮಸೂದೆಯಲ್ಲದಿದ್ದರೆ ಮರುಪರಿಶೀಲನೆಗೆಂದು ಸಂಸತ್ತಿಗೆ ಹಿಂದಿರುಗಿಸಬಹುದು. ಸಂಸತ್ತು ಅದನ್ನು ಬದಲಿಸಿಯಾಗಲಿ ಬದಲಿಸದೆಯಾಗಲಿ ಮತ್ತೆ ಅಂಗೀಕರಿಸಿ ಕಳಿಸಿದರೆ ಅವರು ಅಂಕಿತ ಹಾಕಲೇಬೇಕು. 2006ರ ಮೇ ತಿಂಗಳಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಲಾಭದಾಯಕ ಹುದ್ದೆಗಳಿಗೆ ಸಂಬಂಧಿಸಿದ ಮಸೂದೆಯನ್ನು ಹೀಗೆ ಹಿಂದಿರುಗಿಸಿದರು. ಸಂಸತ್ತು ಅದನ್ನು ಬದಲಿಸದೆ ಮತ್ತೆ ಅಂಗೀಕರಿಸಿತು, ಆಗಸ್ಟಿನಲ್ಲಿ ಅವರು ಅಂಕಿತ ಹಾಕಿದರು. ಎಷ್ಟು ದಿನಗಳೊಳಗೆ ತೀರ್ಮಾನಿಸಬೇಕೆಂದು ಆ ವಿಧಿ ಹೇಳುವುದಿಲ್ಲ. ಹಿಂದಿರುಗಿಸುವುದಾದರೆ ಸಾಧ್ಯವಾದಷ್ಟು ಬೇಗ ಎಂದಷ್ಟೇ ಹೇಳುತ್ತದೆ. ಇದರಿಂದಾಗಿ 1986ರಲ್ಲಿ ಸಂಸತ್ತು ಅಂಗೀಕರಿಸಿದ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಜೈಲ್ ಸಿಂಗ್ ಅವರು ಅಂಕಿತವನ್ನೂ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. ಅದು ಕಾಯ್ದೆಯಾಗಲೇ ಇಲ್ಲ. ರಾಷ್ಟ್ರಪತಿಯವರು ಮಸೂದೆಯನ್ನು ತಿದ್ದುತ್ತಾರೆ ಎಂದು ಮಾತ್ರ ಬರೆಯಬೇಡಿ. ಹಿಂದಿರುಗಿಸುವಾಗ ಅವರು ತಿದ್ದುಪಡಿಗಳನ್ನು ಸೂಚಿಸಬಹುದು, ಮಾಡುವುದು ಸಂಸತ್ತು. “ರಾಷ್ಟ್ರಪತಿಯವರು ಮಸೂದೆಗೆ ಅಂಕಿತ ಹಾಕಬಹುದು, ಅಂಕಿತವನ್ನು ತಡೆಹಿಡಿಯಬಹುದು, ಅಥವಾ ಹಣಕಾಸು ಮಸೂದೆಯಲ್ಲದಿದ್ದರೆ ಮರುಪರಿಶೀಲನೆಗಾಗಿ ಒಮ್ಮೆ ಹಿಂದಿರುಗಿಸಬಹುದು, ಸಂಸತ್ತು ಮತ್ತೆ ಅಂಗೀಕರಿಸಿದರೆ ಅವರು ಅಂಕಿತ ಹಾಕಬೇಕಾಗುತ್ತದೆ” ಎಂಬುದು ಐದನೆಯ ಪ್ರಶ್ನೆಗೆ ಉತ್ತರ.

ಆರನೆಯ ಪ್ರಶ್ನೆಯನ್ನು ಹಾಳೆಯಲ್ಲಿ ಸೇರಿಸಿದ ಶಿಕ್ಷಕರು ಮೆಚ್ಚುಗೆಗೆ ಅರ್ಹರು. ಹೆಚ್ಚಿನ ಪಾಠಗಳು ಅಂಕಿತದ ಬಳಿಯೇ ನಿಂತುಬಿಡುತ್ತವೆ. ಅಂಕಿತ ಬಿದ್ದ ದಿನ ಮಸೂದೆ ಕಾಯ್ದೆಯಾಗುತ್ತದೆ, ನಿಜ. ಆ ಕಾಯ್ದೆ ಯಾವ ದಿನದಿಂದ ನಡೆಯುತ್ತದೆ ಎಂಬುದು ಅದರ ಒಂದನೆಯ ಪ್ರಕರಣದಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ (ಮಸೂದೆಯಲ್ಲಿದ್ದ ಖಂಡವನ್ನೇ ಕಾಯ್ದೆಯಲ್ಲಿ ಪ್ರಕರಣವೆನ್ನುತ್ತಾರೆ). ಏನೂ ಬರೆಯದಿದ್ದರೆ ಅಂಕಿತದ ದಿನದಿಂದಲೇ ಜಾರಿ. ಶಿಕ್ಷಣ ಹಕ್ಕಿನ ಕಾಯ್ದೆಯಲ್ಲಿ, ಕೇಂದ್ರ ಸರ್ಕಾರವು ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸಿ ಗೊತ್ತುಪಡಿಸುವ ದಿನದಿಂದ ಜಾರಿ ಎಂದಿತ್ತು. ಸರ್ಕಾರ ಗೊತ್ತುಪಡಿಸಿದ ದಿನ 2010ರ ಏಪ್ರಿಲ್ 1. ಅಂಕಿತಕ್ಕೂ ಜಾರಿಗೂ ನಡುವೆ ಏಳು ತಿಂಗಳು ಕಳೆದವು. ಇದಕ್ಕಿಂತ ದೊಡ್ಡ ಅಂತರ ಪಕ್ಕದಲ್ಲೇ ಇದೆ. ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ್ದು ಸಂವಿಧಾನದ 86ನೆಯ ತಿದ್ದುಪಡಿ. ಅದರಿಂದ 21ಎ ವಿಧಿ ಸೇರಿತು. ಆ ತಿದ್ದುಪಡಿಗೆ ಅಂಕಿತ ಬಿದ್ದದ್ದು 2002ರ ಡಿಸೆಂಬರಿನಲ್ಲಿ, ಅದು ಜಾರಿಗೆ ಬಂದದ್ದೂ 2010ರ ಏಪ್ರಿಲ್ 1ರಂದೇ. ಹಕ್ಕನ್ನು ಯಾವ ಬಗೆಯಲ್ಲಿ ಕೊಡಬೇಕೆಂಬುದನ್ನು ಕಾನೂನಿನ ಮೂಲಕ ನಿರ್ಧರಿಸಬೇಕೆಂದು 21ಎ ವಿಧಿಯಲ್ಲೇ ಹೇಳಿತ್ತು, ಆ ಕಾನೂನು ಸಿದ್ಧವಾಗುವವರೆಗೆ ತಿದ್ದುಪಡಿಯೂ ಏಳು ವರ್ಷಕ್ಕೂ ಹೆಚ್ಚು ಕಾಲ ಕಾಯಿತು.

ಆದ್ದರಿಂದ ಕೊನೆಯ ಉತ್ತರ: “ಕಾಯ್ದೆಯು ತನ್ನಲ್ಲಿಯೇ ಹೇಳಿರುವ ದಿನದಿಂದ, ಅಥವಾ ಸರ್ಕಾರವು ರಾಜಪತ್ರದ ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ದಿನದಿಂದ ಜಾರಿಗೆ ಬರುತ್ತದೆ, ಯಾವ ದಿನವನ್ನೂ ಹೇಳದಿದ್ದರೆ ರಾಷ್ಟ್ರಪತಿಯವರ ಅಂಕಿತ ಬಿದ್ದ ದಿನದಿಂದ ಜಾರಿಯಾಗುತ್ತದೆ.” ನಿಮ್ಮ ಮಗಳು ಉದಾಹರಣೆಯನ್ನೂ ಸೇರಿಸಬೇಕೆಂದಿದ್ದರೆ 2009ರ ಆಗಸ್ಟ್ 26 ಮತ್ತು 2010ರ ಏಪ್ರಿಲ್ 1 ಎಂಬ ಎರಡು ದಿನಾಂಕಗಳನ್ನು ಬರೆದರೆ ಸಾಕು, ವಿವರಣೆ ಬೇಕಾಗುವುದಿಲ್ಲ.

ಹಾಳೆಯ ಕೊನೆಯಲ್ಲಿ ಜಾಗ ಉಳಿದಿದ್ದರೆ ಇನ್ನೊಂದು ಸಂಗತಿಯನ್ನು ಸೇರಿಸಬಹುದು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸುವಂತಿಲ್ಲ ಎಂದು ಈ ಕಾಯ್ದೆಯ 16ನೆಯ ಪ್ರಕರಣ ಮೊದಲು ಹೇಳುತ್ತಿತ್ತು. 2019ರಲ್ಲಿ ಅದನ್ನು ಬದಲಿಸಿ, ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಬೇಕು, ಅನುತ್ತೀರ್ಣರಾದವರಿಗೆ ಮರುಪರೀಕ್ಷೆಯ ಅವಕಾಶ ಕೊಡಬೇಕು, ಅದರಲ್ಲಿಯೂ ಅನುತ್ತೀರ್ಣರಾದವರನ್ನು ಉಳಿಸಿಕೊಳ್ಳಬೇಕೇ ಎಂಬುದನ್ನು ಸಂಬಂಧಪಟ್ಟ ಸರ್ಕಾರ ತೀರ್ಮಾನಿಸಬಹುದು ಎಂದು ಮಾಡಲಾಯಿತು. ಒಂದೇ ಪ್ರಕರಣದ ಬದಲಾವಣೆಯಾದರೂ ಅದಕ್ಕೆ ಬೇರೊಂದು ಮಸೂದೆ ಬೇಕಾಯಿತು. ಆ ಮಸೂದೆ 2017ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, 2018ರ ಜುಲೈಯಲ್ಲಿ ಅಲ್ಲಿ ಅಂಗೀಕಾರ ಪಡೆದು, 2019ರ ಜನವರಿಯಲ್ಲಿ ರಾಜ್ಯಸಭೆಯನ್ನು ದಾಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಲೋಕಸಭೆ ವಿಸರ್ಜನೆಯಾಯಿತು. ರಾಜ್ಯಸಭೆ ಅದನ್ನು ಅಲ್ಲಿಯವರೆಗೆ ಅಂಗೀಕರಿಸದೆ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು, 107ನೆಯ ವಿಧಿಯ ಬಗ್ಗೆ ಮೇಲೆ ಹೇಳಿದ್ದನ್ನು ನೆನೆದು, ನಿಮ್ಮ ಮಗಳು ತಾನೇ ಒಂದು ಪೂರ್ಣ ವಾಕ್ಯದಲ್ಲಿ ಬರೆಯಲಿ.